ಬಿಲ್ಲಿನಲ್ಲಿರುವ ಎರಡು ಮೊತ್ತ

ಕಳೆದ ಮಾರ್ಚ್‌ನಲ್ಲಿ ಹಾಸನದ ಒಂದು ಪದವಿ ಕಾಲೇಜಿನವರು ಕೊನೆಯ ವರ್ಷದ ಮಕ್ಕಳ ಜೊತೆ ಒಂದು ಗಂಟೆ ಮಾತಾಡಿ ಎಂದು ಕರೆದರು. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದವಳು. ಕೊನೆಯ ಆರೇಳು ವರ್ಷ ಸಾಲ ವಸೂಲಿ ವಿಭಾಗದಲ್ಲಿದ್ದೆ. ನನ್ನ ಮೇಜಿನ ಮುಂದೆ ಬಂದು ಕೂರುತ್ತಿದ್ದವರಲ್ಲಿ ಬಹಳಷ್ಟು ಜನ ಇಪ್ಪತ್ತೈದು ದಾಟದ ಹುಡುಗ ಹುಡುಗಿಯರು. ಮೋಸ ಮಾಡುವ ಮನಸ್ಸು ಅವರಲ್ಲಿ ಯಾರಿಗೂ ಇರಲಿಲ್ಲ. ಪ್ರತಿ ತಿಂಗಳೂ ತಪ್ಪದೆ ದುಡ್ಡು ಕಟ್ಟಿದವರೇ ಹೆಚ್ಚು. ಕಟ್ಟಿಯೂ ಸಾಲ ಬೆಳೆದದ್ದು ಹೇಗೆ ಎಂಬುದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ಅವರಿಗೆ ತಡವಾಗಿ ಹೇಳಿದ್ದನ್ನು ಇವರಿಗೆ ಮೊದಲೇ ಹೇಳಬೇಕು ಎಂದುಕೊಂಡು ಒಪ್ಪಿದೆ.

ಬಿ.ಕಾಂ. ಮತ್ತು ಬಿ.ಸಿ.ಎ. ಸೇರಿ ಸುಮಾರು ನೂರು ಮಕ್ಕಳಿದ್ದರು. ಯಾರ ಹತ್ತಿರ ಕ್ರೆಡಿಟ್ ಕಾರ್ಡ್ ಇದೆ ಎಂದು ಕೇಳಿದಾಗ ನಾಲ್ಕು ಕೈ ಮೇಲೆ ಬಂದವು. ಕಾರ್ಡ್ ಬೇಕಾ ಎಂದು ಯಾರಿಗೆಲ್ಲ ಫೋನ್ ಬಂದಿದೆ ಎಂದಾಗ ಇಡೀ ಕೋಣೆ ಕೈ ಎತ್ತಿತು. ಜೂನ್ ಜುಲೈಗೆ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರುವವರು ಇಪ್ಪತ್ತು ಮೂವತ್ತು ಜನ. ಸಂಬಳದ ಖಾತೆ ತೆರೆಯುವಾಗಲೇ ಅವರ ಮುಂದೆ ಕಾರ್ಡಿನ ಅರ್ಜಿಯೂ ಬರುತ್ತದೆ. ಹಾಗಾಗಿ ಕಾರ್ಡ್ ಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಇಳಿಯಲಿಲ್ಲ. ಕಪ್ಪುಹಲಗೆಯ ಮೇಲೆ ಒಂದು ಬಿಲ್ಲು ಬರೆದೆ.

ಬಿಲ್ಲು ಅಂದರೆ ತಿಂಗಳಿಗೊಮ್ಮೆ ಬರುವ ಸ್ಟೇಟ್‌ಮೆಂಟು. ಅದರ ತಲೆಯಲ್ಲೇ ಎರಡು ಮೊತ್ತ ಇರುತ್ತವೆ. ಒಂದು Total Amount Due, ಅಂದರೆ ಪೂರ್ತಿ ಬಾಕಿ. ಇನ್ನೊಂದು Minimum Amount Due. ನಾನು ಬರೆದ ಬಿಲ್ಲಿನಲ್ಲಿ ಮೊದಲನೆಯದು 24,000 ರೂಪಾಯಿ, ಎರಡನೆಯದು 1,200. ಕಟ್ಟಲು ಕೊನೆಯ ದಿನ ಜುಲೈ 25. ಮಕ್ಕಳನ್ನು ಕೇಳಿದೆ: "ಈ ತಿಂಗಳು ಕೈಯಲ್ಲಿ ದುಡ್ಡು ಕಮ್ಮಿ ಇದೆ ಅಂದ್ಕೊಳ್ಳಿ. 1,200 ಕಟ್ಟಿದ್ರಿ. ಆಮೇಲೆ ಏನಾಗುತ್ತೆ?"

ಮುಂದಿನ ಬೆಂಚಿನ ಒಬ್ಬ ಹುಡುಗ ಹೇಳಿದ: "ಉಳಿದಿದ್ದು ಮುಂದಿನ ತಿಂಗಳಿಗೆ ಹೋಗುತ್ತೆ ಮೇಡಂ. ಉಳಿದಿದ್ದಕ್ಕೆ ಸ್ವಲ್ಪ ಬಡ್ಡಿ ಬೀಳುತ್ತೆ."

ಉತ್ತರ ಸಹಜವಾದದ್ದೇ. ನಮ್ಮೂರ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿ ಬೆಳೆದ ಯಾರಾದರೂ ಹಾಗೇ ಯೋಚಿಸುತ್ತಾರೆ. ಅಲ್ಲಿ ಎರಡು ಸಾವಿರ ಬಾಕಿ ಇದ್ದು ಐನೂರು ಕೊಟ್ಟರೆ ಒಂದೂವರೆ ಸಾವಿರ ಉಳಿಯುತ್ತದೆ. ಬಾಕಿ ಜಾಸ್ತಿಯಾದರೆ ಅಂಗಡಿಯವರೇ "ಹಳೇದು ಸ್ವಲ್ಪ ತೀರಿಸಿ, ಆಮೇಲೆ ಒಯ್ಯೋರಂತೆ" ಎನ್ನುತ್ತಾರೆ. ಕಾರ್ಡಿನ ಲೆಕ್ಕ ನಡೆಯುವುದು ಹೀಗಲ್ಲ. ಅದಕ್ಕೇ ಆ ಬಿಲ್ಲನ್ನು ಹಲಗೆಯ ಮೇಲೆ ಒಂದೊಂದೇ ದಿನ ಹಿಡಿದು ಬಿಡಿಸಿದೆವು.

ಕಾರ್ಡಿನ ತಿಂಗಳು ಕ್ಯಾಲೆಂಡರಿನ ತಿಂಗಳಲ್ಲ. ನಾವು ತೆಗೆದುಕೊಂಡ ಉದಾಹರಣೆಯಲ್ಲಿ ಅದು ಜೂನ್ 6ಕ್ಕೆ ಶುರುವಾಗಿ ಜುಲೈ 5ಕ್ಕೆ ಮುಗಿಯುತ್ತದೆ. 5ನೇ ತಾರೀಖು ಬಿಲ್ಲು ತಯಾರಾಗುತ್ತದೆ, ಕಟ್ಟಲು ಇನ್ನೂ 20 ದಿನ ಸಿಗುತ್ತದೆ. ಜೂನ್ 6ರಂದು ಏನಾದರೂ ಕೊಂಡರೆ ದುಡ್ಡು ಕೊಡಲು 49 ದಿನ ಇದೆ. ಜುಲೈ 5ರಂದು ಕೊಂಡರೆ ಇಪ್ಪತ್ತೇ ದಿನ. ಈ ಅವಧಿಗೆ ಬಡ್ಡಿ ಇಲ್ಲ. ಕಾರ್ಡಿನಿಂದ ನಿಜವಾದ ಲಾಭ ಅಂತ ಒಂದಿದ್ದರೆ ಅದು ಇದೇ. ಆದರೆ ಇದಕ್ಕೊಂದು ಷರತ್ತಿದೆ. ಬಿಲ್ಲನ್ನು ಪೂರ್ತಿ ಕಟ್ಟಿದವರಿಗೆ ಮಾತ್ರ ಈ ಬಡ್ಡಿಯಿಲ್ಲದ ದಿನಗಳು ಸಿಗುತ್ತವೆ. ಪೂರ್ತಿ ಕಟ್ಟದಿದ್ದರೆ ಹಿಂದೆ ಕೊಟ್ಟ ದಿನಗಳನ್ನೂ ಬ್ಯಾಂಕು ವಾಪಸ್ಸು ತೆಗೆದುಕೊಳ್ಳುತ್ತದೆ, ಮುಂದಿನ ದಿನಗಳನ್ನು ಕೊಡುವುದೂ ಇಲ್ಲ.

ನಮ್ಮ ಉದಾಹರಣೆಯ ಹುಡುಗಿ ಜೂನ್ 10ರಂದು 24,000 ರೂಪಾಯಿಗೆ ಒಂದು ಫೋನ್ ಕೊಂಡಳು. ಜುಲೈ 15ರಂದು ತಮ್ಮನಿಗೂ ತನಗೂ ಬಟ್ಟೆ ಕೊಂಡಳು, 4,000. ಜುಲೈ 25ಕ್ಕೆ ಸರಿಯಾಗಿ 1,200 ಕಟ್ಟಿದಳು. ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡಾ ಮೂರೂವರೆ, ಅಂದರೆ ವರ್ಷಕ್ಕೆ ಶೇಕಡಾ 42. ಇದು ನಾನು ಹೆದರಿಸಲು ಆರಿಸಿದ ದರವಲ್ಲ, ನಮ್ಮ ದೇಶದ ಕಾರ್ಡುಗಳಲ್ಲಿ ಮಾಮೂಲಿಯಾಗಿ ಇರುವುದೇ ಇಷ್ಟು. ಕಾರ್ಡಿನ ಬಡ್ಡಿ ಶೇಕಡಾ 30 ದಾಟಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ರದ್ದು ಮಾಡಿತು.

ಈಗ ಆಗಸ್ಟ್ 5ರ ಬಿಲ್ಲು. ಫೋನಿನ ಬಡ್ಡಿ ಜುಲೈ 25ರಿಂದ ಶುರುವಾಗುವುದಿಲ್ಲ, ಕೊಂಡ ದಿನವಾದ ಜೂನ್ 10ರಿಂದಲೇ ಶುರು. ಅಲ್ಲಿಂದ ಜುಲೈ 25ಕ್ಕೆ 45 ದಿನ. 24,000ಕ್ಕೆ ಅಷ್ಟು ದಿನದ ಬಡ್ಡಿ 1,243 ರೂಪಾಯಿ. 1,200 ಕಟ್ಟಿದ ಮೇಲೆ ಉಳಿದ 22,800ಕ್ಕೆ ಆಗಸ್ಟ್ 5ರವರೆಗಿನ 11 ದಿನಕ್ಕೆ 288. ಬಟ್ಟೆಯ ಬಿಲ್ಲು ಕಟ್ಟುವ ದಿನ ಇನ್ನೂ ಬಂದೇ ಇಲ್ಲ, ಆದರೂ ಕೊಂಡ ದಿನದಿಂದ 21 ದಿನಕ್ಕೆ 97. ಒಟ್ಟು ಬಡ್ಡಿ 1,628. ಬಡ್ಡಿಯ ಮೇಲೆ ಶೇಕಡಾ 18ರಷ್ಟು ಜಿ.ಎಸ್.ಟಿ. ಇದೆ, ಅದು 293. ಎಲ್ಲ ಸೇರಿ 1,921 ರೂಪಾಯಿ.

ಕಟ್ಟಿದ್ದು 1,200. ಅದೇ ಬಿಲ್ಲಿನಲ್ಲಿ ಮೇಲೆ ಬಿದ್ದದ್ದು 1,921. ಹಲಗೆಯ ಮೇಲೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದಾಗ ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಹಿಂದಿನ ಸಾಲಿನಿಂದ ಒಂದು ಹುಡುಗಿ ಕೇಳಿದಳು: "ಮೇಡಂ, ಅವಳು ಡ್ಯೂ ಡೇಟ್ ತಪ್ಪಿಸಿಲ್ಲ. ಅವರು ಕೇಳಿದ್ದನ್ನೇ ಕಟ್ಟಿದಾಳೆ. ಮತ್ತೆ ಯಾಕೆ ಬಡ್ಡಿ?"

ಅದೇ ಪ್ರಶ್ನೆಯನ್ನು ನನ್ನ ಮೇಜಿನ ಮುಂದೆ ಎಷ್ಟೋ ಮಕ್ಕಳು ಅಳುತ್ತಾ ಕೇಳಿದ್ದಾರೆ. ಮಿನಿಮಮ್ ಕಟ್ಟಿದರೆ ಒಂದು ಕೆಲಸ ಆಗುತ್ತದೆ: ತಡಮಾಡಿದ ದಂಡ ಬೀಳುವುದಿಲ್ಲ, ಸಿಬಿಲ್‌ನಲ್ಲಿ ಸುಸ್ತಿದಾರ ಎಂಬ ಗುರುತು ಬೀಳುವುದಿಲ್ಲ. ಅಷ್ಟಕ್ಕೆ ಮಾತ್ರ ಅದು ಸಾಕು. ಬಡ್ಡಿ ನಿಲ್ಲಿಸಲು ಸಾಲದು. "ಮಿನಿಮಮ್" ಎಂಬ ಪದ ಕೇಳಿದಾಗ ಇಷ್ಟು ಕೊಟ್ಟರೆ ನಮ್ಮ ಪಾಲಿನದು ಮುಗಿಯಿತು ಎಂಬ ಅರ್ಥ ಮನಸ್ಸಿಗೆ ಬಂದುಬಿಡುತ್ತದೆ. ಮಿನಿಮಮ್ಮನ್ನೇ ಕಟ್ಟುತ್ತಾ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಹಾಕಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಆ ಸಾಲು ಬಿಲ್ಲಿನಲ್ಲಿ ಇರುತ್ತದೆ. ಫೋನಿನ ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಮುಗಿಸುವವರು ಬಿಲ್ಲು ತೆರೆಯುವುದೇ ಅಪರೂಪ.

ವರ್ಷಗಟ್ಟಲೆ ಅಂದರೆ ಎಷ್ಟು? ನೂರು ರೂಪಾಯಿ ಸಾಲ ಇಟ್ಟುಕೊಂಡು ನೋಡೋಣ. ಮಿನಿಮಮ್ ಸಾಮಾನ್ಯವಾಗಿ ಬಾಕಿಯ ಶೇಕಡಾ 5ರ ಆಸುಪಾಸು. ಈ ತಿಂಗಳು ನೀವು ಐದು ರೂಪಾಯಿ ಕಟ್ಟಿದಿರಿ. ಬಡ್ಡಿ ಮೂರೂವರೆ ರೂಪಾಯಿ, ಅದರ ಮೇಲಿನ ತೆರಿಗೆ 63 ಪೈಸೆ, ಎರಡೂ ಸೇರಿ ನಾಲ್ಕು ರೂಪಾಯಿ ಹದಿಮೂರು ಪೈಸೆ. ನಿಮ್ಮ ಐದು ರೂಪಾಯಿಯಲ್ಲಿ ಅಸಲಿಗೆ ಹೋದದ್ದು 87 ಪೈಸೆ. ಹೊಸದಾಗಿ ಏನನ್ನೂ ಕೊಳ್ಳದೆ, ಒಂದು ತಿಂಗಳೂ ತಪ್ಪದೆ ಹೀಗೇ ಕಟ್ಟಿದರೂ ಸಾಲ ಅರ್ಧಕ್ಕೆ ಇಳಿಯಲು ಐದು ವರ್ಷಕ್ಕಿಂತ ಹೆಚ್ಚು ಬೇಕು. ಪೂರ್ತಿ ತೀರಲು ಅಲ್ಲ, ಅರ್ಧಕ್ಕೆ. ಅಷ್ಟು ಹೊತ್ತಿಗೆ ಆ ಫೋನೇ ಕೆಟ್ಟು ಮೂಲೆ ಸೇರಿರುತ್ತದೆ.

ಇಷ್ಟು ಕೇಳಿದ ಮೇಲೆ ಮಕ್ಕಳು ಕಾರ್ಡೇ ಬೇಡ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, ಹಾಗಾದರೆ ತಪ್ಪದೆ ಪೂರ್ತಿ ಕಟ್ಟುವುದು ಹೇಗೆ ಎಂದು. ನನಗೆ ತುಂಬ ಸಂತೋಷವಾಯಿತು, ಏಕೆಂದರೆ ಇದಕ್ಕೆ ಮನಸ್ಸಿನ ಗಟ್ಟಿತನಕ್ಕಿಂತ ಹೆಚ್ಚಾಗಿ ಬೇಕಾದದ್ದು ಮೊದಲ ವಾರದ ಒಂದೆರಡು ಏರ್ಪಾಡು.

ಮೊದಲನೆಯದು ಆಟೋ ಡೆಬಿಟ್. ಕೊನೆಯ ದಿನ ಬಂದಾಗ ಬ್ಯಾಂಕು ತಾನೇ ನಿಮ್ಮ ಉಳಿತಾಯ ಖಾತೆಯಿಂದ ದುಡ್ಡು ತೆಗೆದುಕೊಳ್ಳಲಿ ಎಂದು ಮೊದಲೇ ಒಪ್ಪಿಗೆ ಕೊಡುವುದು. ಇಲ್ಲೊಂದು ಕಡೆ ಜನ ಜಾರುತ್ತಾರೆ. ಒಪ್ಪಿಗೆ ಕೊಡುವಾಗ Total Amount Due ಬೇಕೋ Minimum Amount Due ಬೇಕೋ ಎಂದು ಪರದೆ ಕೇಳುತ್ತದೆ. ಅವಸರದಲ್ಲಿ ಎರಡನೆಯದನ್ನು ಒತ್ತಿದವರು ಇದ್ದಾರೆ. ಪ್ರತಿ ತಿಂಗಳು "ಬಿಲ್ ಪಾವತಿಯಾಗಿದೆ" ಎಂಬ ಮೆಸೇಜು ಬರುತ್ತದೆ, ಅವರು ನೆಮ್ಮದಿಯಾಗಿರುತ್ತಾರೆ, ಒಳಗೆ ಬಡ್ಡಿ ಓಡುತ್ತಲೇ ಇರುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಬಿಲ್ಲಿನಲ್ಲಿ Finance Charges ಎಂಬ ಸಾಲು ಹುಡುಕಿ. ಅದರ ಮುಂದೆ ಸೊನ್ನೆ ಇದ್ದರೆ ನಿಮ್ಮ ಕಾರ್ಡು ನಿಮ್ಮ ಹಿಡಿತದಲ್ಲಿದೆ. ಒಂದು ರೂಪಾಯಿ ಕಂಡರೂ ಅವತ್ತೇ ಕೂತು ಕಾರಣ ಹುಡುಕಬೇಕು.

ಆಟೋ ಡೆಬಿಟ್ ಹಾಕಿದರೂ ಆ ದಿನ ಖಾತೆಯಲ್ಲಿ ದುಡ್ಡಿರಬೇಕಲ್ಲ. ಸಂಬಳ ಒಂದನೇ ತಾರೀಖು ಬಂದು, ಬಿಲ್ಲಿನ ಕೊನೆಯ ದಿನ 25 ಆದರೆ ಬಾಡಿಗೆ, ಮೆಸ್ಸು, ಊರಿಗೆ ಕಳಿಸುವುದು ಎಲ್ಲ ಮುಗಿದು ಖಾತೆ ಬರಿದಾಗಿರುವ ಹೊತ್ತಿಗೇ ಬಿಲ್ಲು ಬರುತ್ತದೆ. ಮಿನಿಮಮ್ ಕಟ್ಟಿದವರಲ್ಲಿ ಎಷ್ಟೋ ಜನಕ್ಕೆ ದುಡ್ಡು ಇರಲಿಲ್ಲ ಎಂದಲ್ಲ, ಆ ವಾರ ಇರಲಿಲ್ಲ. ಇದಕ್ಕೆ ದಾರಿ ಇದೆ. ಬಿಲ್ಲಿನ ತಾರೀಖನ್ನು ಬದಲಿಸಿ ಕೊಡಿ ಎಂದು ಕೇಳುವ ಹಕ್ಕು ಕಾರ್ಡುದಾರರಿಗೆ ಇದೆ, ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ. ನಾನು ಕಂಡಂತೆ ಇದನ್ನು ಕೇಳುವವರು ಬಹಳ ಕಡಿಮೆ.

ಎರಡನೆಯದು ಸ್ವಲ್ಪ ಹಳೆಯ ಕಾಲದ ಅಭ್ಯಾಸ, ಆದರೆ ನಾನು ಇದನ್ನೇ ಹೆಚ್ಚು ನಂಬುತ್ತೇನೆ. ಕಾರ್ಡಿನ ಮಿತಿ 60,000 ಎಂದು ಬ್ಯಾಂಕು ಬರೆದುಕೊಟ್ಟರೆ ಅದು ಬ್ಯಾಂಕಿನ ಲೆಕ್ಕ. ನಿಮ್ಮ ಮಿತಿ, ಇವತ್ತು ಖಾತೆಯಲ್ಲಿ ಇರುವ, ಬೇರೆ ಯಾವುದಕ್ಕೂ ಎತ್ತಿಡದ ದುಡ್ಡು. ಅದು 6,000 ಇದ್ದರೆ ಕಾರ್ಡಿನಲ್ಲಿ ಖರ್ಚು ಮಾಡುವುದೂ 6,000. ಆ್ಯಪ್‌ನಲ್ಲೇ ಮಿತಿಯನ್ನು ಅಷ್ಟಕ್ಕೆ ಇಳಿಸಿಡಬಹುದು. ನಿಮ್ಮ ಒಪ್ಪಿಗೆ ಇಲ್ಲದೆ ಬ್ಯಾಂಕು ಮಿತಿ ಏರಿಸುವ ಹಾಗಿಲ್ಲ. ಏರಿಸುತ್ತೇವೆ ಎಂದು ಮೆಸೇಜು ಬಂದಾಗ ಅದಕ್ಕೆ ಉತ್ತರ ಕೊಡದೆ ಬಿಟ್ಟರಾಯಿತು.

ಈ ಲೆಕ್ಕ ಇಡಲು ಈಗ ಒಂದು ಹೊಸ ತೊಡಕು ಬಂದಿದೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯು.ಪಿ.ಐ. ಆ್ಯಪ್‌ಗೆ ಜೋಡಿಸಲು ಅವಕಾಶವಾಗಿದೆ. ಟೀ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವಾಗ ದುಡ್ಡು ಖಾತೆಯಿಂದ ಹೋಯಿತೋ ಸಾಲದಿಂದ ಹೋಯಿತೋ ಎಂಬುದು ಪರದೆಯ ಕೆಳಗಿನ ಒಂದು ಪುಟ್ಟ ಸಾಲಿನಲ್ಲಿ ಮಾತ್ರ ಗೊತ್ತಾಗುತ್ತದೆ. ಕಾರ್ಡ್ ಇದ್ದ ಆ ನಾಲ್ವರಲ್ಲಿ ಒಬ್ಬ ಹುಡುಗ ತನ್ನ ಬಿಲ್ಲು ತೋರಿಸಿದ. ಹದಿನೈದು, ಇಪ್ಪತ್ತು, ನಲವತ್ತು ರೂಪಾಯಿಯ ಸಾಲುಗಳೇ ಎರಡು ಪುಟ. ತಾನು ಕಾರ್ಡ್ ಬಳಸುತ್ತಲೇ ಇಲ್ಲ ಎಂದುಕೊಂಡಿದ್ದನಂತೆ. ಯು.ಪಿ.ಐ.ಯಲ್ಲಿ ಮೊದಲ ಆಯ್ಕೆ ಯಾವಾಗಲೂ ಉಳಿತಾಯ ಖಾತೆಯೇ ಆಗಿರಲಿ. ಕಾರ್ಡು ತಾನಾಗಿ ಬರಬಾರದು, ನೀವು ಬೇಕೆಂದು ಆರಿಸಿದಾಗ ಮಾತ್ರ ಬರಬೇಕು.

ಎ.ಟಿ.ಎಂ.ನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದಕ್ಕೆ ಬಡ್ಡಿಯಿಲ್ಲದ ದಿನ ಒಂದೂ ಇಲ್ಲ, ತೆಗೆದ ಗಳಿಗೆಯಿಂದ ಬಡ್ಡಿ, ಅದರ ಮೇಲೆ ಬೇರೆ ಶುಲ್ಕ. ಮಾಡಬೇಡಿ.

ಈಗಾಗಲೇ ಸಿಕ್ಕಿಕೊಂಡವರು ಏನು ಮಾಡಬೇಕು ಎಂದು ಒಬ್ಬ ಕೇಳಿದ. ತನ್ನ ಅಣ್ಣನ ವಿಷಯ ಎಂದು ಆಮೇಲೆ ಹೇಳಿದ. ಮೊದಲು ಮಾಡಬೇಕಾದದ್ದು ಆ ಕಾರ್ಡಿನ ಬಳಕೆಯನ್ನು ಅವತ್ತೇ ನಿಲ್ಲಿಸುವುದು. ಹಳೆಯ ಬಾಕಿ ಇರುವವರೆಗೆ ಹೊಸದಾಗಿ ಕೊಂಡ ಒಂದು ಕೆ.ಜಿ. ಸಕ್ಕರೆಗೂ ಮೊದಲ ದಿನದಿಂದ ಶೇಕಡಾ 42ರ ಬಡ್ಡಿ. ಎರಡನೆಯದು, ಆ ಸಾಲವನ್ನು ಕಡಿಮೆ ಬಡ್ಡಿಯ ಜಾಗಕ್ಕೆ ಸಾಗಿಸುವುದು. ಬಾಕಿಯನ್ನು ಕಂತುಗಳಾಗಿ ಮಾಡಿಕೊಡಿ ಎಂದು ಕಾರ್ಡಿನವರನ್ನೇ ಕೇಳಬಹುದು, ಶುಲ್ಕ ಎಷ್ಟು ಎಂದು ತಿಳಿದುಕೊಂಡೇ ಒಪ್ಪಬೇಕು. ಮನೆಯಲ್ಲಿ ಒಂದೆಳೆ ಚಿನ್ನ ಇದ್ದರೆ ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಸಾಮಾನ್ಯವಾಗಿ ಕಾರ್ಡಿನ ಬಡ್ಡಿಯ ಮೂರನೇ ಒಂದು ಭಾಗವೂ ಇರುವುದಿಲ್ಲ. ಅಪ್ಪ ಅಮ್ಮನಿಗೆ ಹೇಳಲು ನಾಚಿಕೆಪಟ್ಟು ಮಿನಿಮಮ್ ಕಟ್ಟುತ್ತಾ ಕೂತ ಮಕ್ಕಳನ್ನು ನಾನು ನೋಡಿದ್ದೇನೆ. ಮೊದಲ ಬಿಲ್ಲಿಗೇ ಮನೆಯಲ್ಲಿ ಹೇಳಿದ್ದರೆ ಇಪ್ಪತ್ತು ಸಾವಿರದಲ್ಲಿ ಮುಗಿಯುತ್ತಿತ್ತು ಎಂದು ಎಷ್ಟು ಸಲ ಅನ್ನಿಸಿದೆಯೋ.

ಪೂರ್ತಿ ಕಟ್ಟಿದ ಮೇಲೂ ಒಂದು ಬಿಲ್ಲು ಬರುತ್ತದೆ, ಅದನ್ನು ನೋಡಿ ಗಾಬರಿಯಾಗಬಾರದು, ಬಿಟ್ಟುಬಿಡಲೂಬಾರದು. ನಮ್ಮ ಉದಾಹರಣೆಯ ಹುಡುಗಿ ಆಗಸ್ಟ್ 25ಕ್ಕೆ ಎಲ್ಲವನ್ನೂ ತೀರಿಸಿದರೂ ಆಗಸ್ಟ್ 5ರಿಂದ 25ರವರೆಗಿನ ಬಡ್ಡಿ ಸೆಪ್ಟೆಂಬರಿನ ಬಿಲ್ಲಿನಲ್ಲಿ ಏಳೆಂಟು ನೂರು ರೂಪಾಯಿಯಾಗಿ ಬರುತ್ತದೆ. ಅದನ್ನೂ ಕಟ್ಟಿದ ಮೇಲೆ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ.

ಸಣ್ಣ ಮೊತ್ತ ಎಂದು ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ನೋಡಿದೆ. ನನ್ನ ಅಕ್ಕನ ಮಗ ಬೆಂಗಳೂರಿಗೆ ಹೋದ ಹೊಸತರಲ್ಲಿ ಮಾಲ್ ಒಂದರಲ್ಲಿ ಮೇಜು ಹಾಕಿಕೊಂಡಿದ್ದವರ ಹತ್ತಿರ ಕಾರ್ಡು ಮಾಡಿಸಿದ. ಫ್ರೀ ಎಂದಿದ್ದರು. ಫ್ರೀ ಇದ್ದದ್ದು ಮೊದಲ ವರ್ಷಕ್ಕೆ. ಅವನು ಅದನ್ನು ಒಂದು ಸಲವೂ ಬಳಸಲಿಲ್ಲ, ಎರಡು ತುಂಡು ಮಾಡಿ ಬಿಸಾಕಿ ಮರೆತ. ಎರಡನೇ ವರ್ಷ ವಾರ್ಷಿಕ ಶುಲ್ಕ 500, ತೆರಿಗೆ ಸೇರಿ 590 ರೂಪಾಯಿ ಬಿತ್ತು. ಬಿಲ್ಲು ಹೋಗುತ್ತಿದ್ದದ್ದು ಅವನು ಬಿಟ್ಟುಬಂದ ಕಂಪನಿಯ ಇಮೇಲಿಗೆ. ಅದರ ಮೇಲೆ ದಂಡ, ಬಡ್ಡಿ. ಮದುವೆ ಗೊತ್ತಾಗಿ ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಮ್ಯಾನೇಜರು ಸಿಬಿಲ್ ವರದಿ ತಿರುಗಿಸಿ ತೋರಿಸಿದರು. ಕೊಳ್ಳದೇ ಇದ್ದ ಸಾಮಾನಿಗೆ ಸುಸ್ತಿದಾರ. ಬಾಕಿ ತೀರಿಸಿ, ಪತ್ರ ಪಡೆದು, ವರದಿ ಸರಿಹೋಗುವ ಹೊತ್ತಿಗೆ ಅವನು ನೋಡಿಟ್ಟಿದ್ದ ಮನೆ ಬೇರೆಯವರ ಪಾಲಾಗಿತ್ತು.

ಪ್ಲಾಸ್ಟಿಕ್ ಕತ್ತರಿಸಿದರೆ ಖಾತೆ ಮುಚ್ಚುವುದಿಲ್ಲ. ಬೇಡವಾದ ಕಾರ್ಡನ್ನು ಮುಚ್ಚಿ ಎಂದು ಬರೆದು ಕೇಳಬೇಕು. ಬಾಕಿ ಏನೂ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಅವರು ಮುಚ್ಚಬೇಕು, ತಡಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು. ಇದೂ ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ. ಮುಚ್ಚಿದ ಮೇಲೆ ಸಿಬಿಲ್ ವರದಿ ಒಮ್ಮೆ ತೆಗೆದು ನೋಡಿ. ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿಯೇ ಸಿಗುತ್ತದೆ.

ಗಂಟೆ ಹೊಡೆದು ಎಲ್ಲರೂ ಎದ್ದ ಮೇಲೆ, ಬಡ್ಡಿ ಯಾಕೆ ಎಂದು ಕೇಳಿದ್ದ ಆ ಹಿಂದಿನ ಸಾಲಿನ ಹುಡುಗಿ ಮೇಜಿನ ಹತ್ತಿರ ಬಂದಳು. ಅರಸೀಕೆರೆ ಕಡೆಯವಳು. ಜುಲೈನಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರುತ್ತಾಳೆ, ಸಂಬಳದ ಖಾತೆಯ ಜೊತೆ ಕಾರ್ಡೂ ಮಂಜೂರಾಗಿದೆ.

"ಮೇಡಂ, ಸಂಬಳ ಒಂದನೇ ತಾರೀಖು ಬರುತ್ತೆ. ನಾನು ಬಿಲ್ ಯಾವತ್ತು ಅಂತ ಕೇಳ್ಕೋಬೇಕು?"

"ನೀನೇ ಲೆಕ್ಕ ಹಾಕು," ಅಂದೆ.

ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆದಳು. ಒಂದನೇ ತಾರೀಖು ಸಂಬಳ, ಒಂದೆರಡು ದಿನ ತಡವಾದರೂ ಇರಲಿ ಅಂತ 5ನೇ ತಾರೀಖಿಗೆ ಒಂದು ಗೀಟು ಹಾಕಿದಳು. ಅಲ್ಲಿಂದ ಇಪ್ಪತ್ತು ದಿನ ಹಿಂದಕ್ಕೆ ಬೆರಳು ಮಡಿಸುತ್ತಾ ಎಣಿಸಿದಳು. 15 ಎಂದು ಬರೆದು ಸುತ್ತ ಒಂದು ಗುಂಡಗೆ ಹಾಕಿದಳು. ಮೂವತ್ತೊಂದು ದಿನದ ತಿಂಗಳಲ್ಲಿ 4ಕ್ಕೇ ಬೀಳುತ್ತದಲ್ಲ ಎಂದು ತಾನೇ ಹೇಳಿ, ಪಕ್ಕದಲ್ಲಿ ಅದನ್ನೂ ಬರೆದುಕೊಂಡಳು.